ಜಾರುವ ಬೆಣೆ, ಉರುಳುವ ಸಿಲಿಂಡರ್: ಎರಡೂ ವೇಗೋತ್ಕರ್ಷ ಕಂಡುಹಿಡಿಯುವ ಪೂರ್ತಿ ಕ್ರಮ

ಬೆಣೆ ಅಲುಗಾಡದೆ ನಿಂತಿದ್ದರೆ ಅದರ ಮೇಲೆ ಉರುಳುವ ಸಿಲಿಂಡರಿನ ಲೆಕ್ಕ ಮೂರು ಸಾಲಿನಲ್ಲಿ ಮುಗಿಯುತ್ತದೆ. ಅದೇ ಬೆಣೆಯನ್ನು ನುಣುಪು ನೆಲದ ಮೇಲೆ ಇಟ್ಟು, ಅದೂ ಜಾರಲಿ ಅಂತ ಬಿಟ್ಟರೆ ಲೆಕ್ಕ ಕೈ ಕೊಡುತ್ತದೆ. ಸಿಲಿಂಡರ್ ಒಂದು ಕಡೆ ಇಳಿಯುತ್ತದೆ, ಬೆಣೆ ಇನ್ನೊಂದು ಕಡೆ ಸರಿಯುತ್ತದೆ, ಉತ್ತರ ಮಾತ್ರ ಹತ್ತು ಜನ ಬಿಡಿಸಿದರೆ ನಾಲ್ಕು ಥರ ಬರುತ್ತದೆ.

ತಪ್ಪಾಗುವುದು ಬೀಜಗಣಿತದಲ್ಲಿ ಅಲ್ಲ. ಸಿಲಿಂಡರಿನ ವೇಗೋತ್ಕರ್ಷ `a` ಅಂತ ಬರೆದಾಗ ಅದನ್ನು ಯಾರು ನೋಡಿ ಅಳೆದದ್ದು, ನೆಲದ ಮೇಲೆ ನಿಂತವರೋ ಬೆಣೆಯ ಮೇಲೆ ಕೂತವರೋ, ಅನ್ನುವುದನ್ನು ಗಟ್ಟಿ ಮಾಡಿಕೊಳ್ಳದೆ ಮುಂದೆ ಹೋಗುವುದೇ ಮೂಲ ತಪ್ಪು. ಒಂದು ಸಮೀಕರಣದಲ್ಲಿ `a` ನೆಲದ್ದಾಗಿರುತ್ತದೆ, ಮುಂದಿನದರಲ್ಲಿ ಸದ್ದಿಲ್ಲದೆ ಬೆಣೆಯದ್ದಾಗಿರುತ್ತದೆ. ಈ ಕ್ರಮ ಪೂರ್ತಿ ಆ ಒಂದು ವಿಷಯದ ಸುತ್ತಲೇ ಇದೆ.

## ಕೈಯಲ್ಲಿ ಏನಿರಬೇಕು

ಕಾಗದ, ಎರಡು ಬಣ್ಣದ ಪೆನ್ನು, ಕ್ಯಾಲ್ಕುಲೇಟರ್. ಎರಡು ಬಣ್ಣ ಶೋಕಿಗೆ ಅಲ್ಲ. ಸಿಲಿಂಡರಿನ ಮೇಲೆ ಬೀಳುವ ಬಲಗಳನ್ನು ಒಂದು ಬಣ್ಣದಲ್ಲಿ, ಬೆಣೆಯ ಮೇಲೆ ಬೀಳುವ ಬಲಗಳನ್ನು ಇನ್ನೊಂದರಲ್ಲಿ ಬರೆದರೆ ಅರ್ಧ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ತಿಳಿದಿರಬೇಕಾದದ್ದು ಇಷ್ಟೇ: ನ್ಯೂಟನ್ನನ ಎರಡನೇ ಮತ್ತು ಮೂರನೇ ನಿಯಮ, ಟಾರ್ಕ್ ಅಂದರೆ ಏನು, ಮತ್ತು ಗಟ್ಟಿ ಸಿಲಿಂಡರಿನ ಮೊಮೆಂಟ್ ಆಫ್ ಇನರ್ಷಿಯಾ ಅದರ ಅಕ್ಷದ ಸುತ್ತ `½ m R²` ಅನ್ನುವುದು.

## ಹಂತ 1: ಪ್ರಶ್ನೆಯಲ್ಲಿ ಯಾವುದು ನುಣುಪು, ಯಾವುದು ಒರಟು ನೋಡಿ

ಬೆಣೆಯ ದ್ರವ್ಯರಾಶಿ `M`, ಇಳಿಜಾರಿನ ಕೋನ `θ`. ಸಿಲಿಂಡರ್ ಗಟ್ಟಿಯಾದದ್ದು, ದ್ರವ್ಯರಾಶಿ `m`, ತ್ರಿಜ್ಯ `R`. ಎರಡನ್ನೂ ನಿಶ್ಚಲವಾಗಿ ಹಿಡಿದು ಒಟ್ಟಿಗೆ ಬಿಡುತ್ತೇವೆ.

ನೆಲ ನುಣುಪು, ಅಂದರೆ ಬೆಣೆ ಮತ್ತು ನೆಲದ ನಡುವೆ ಘರ್ಷಣೆ ಇಲ್ಲ. ಇಳಿಜಾರು ಒರಟು. ಅದು ಒರಟಾಗಿಲ್ಲದಿದ್ದರೆ ಸಿಲಿಂಡರ್ ತಿರುಗುವುದೇ ಇಲ್ಲ, ಸುಮ್ನೆ ಜಾರಿಕೊಂಡು ಬರುತ್ತದೆ. "ನುಣುಪು" ಅನ್ನುವ ಪದವನ್ನು ಓದಿದ ತಕ್ಷಣ ಎಲ್ಲ ಕಡೆಯ ಘರ್ಷಣೆಯನ್ನೂ ತೆಗೆದುಹಾಕುವವರು ಬಹಳ ಜನ ಇದ್ದಾರೆ. ಆ ಪದ ಯಾವ ಮೇಲ್ಮೈಗೆ ಹೇಳಿದ್ದು ಅಂತ ಒಂದು ಸಲ ಬೆರಳಿಟ್ಟು ನೋಡಿ.

## ಹಂತ 2: ಎರಡು ಅಕ್ಷರ, ಎರಡು ಅರ್ಥ

ಚಿತ್ರ ಬರೆಯಿರಿ. ಇಳಿಜಾರು ಎಡಗಡೆ ಎತ್ತರ, ಬಲಗಡೆಗೆ ಇಳಿಯುವ ಹಾಗೆ ಇರಲಿ. ಸಿಲಿಂಡರ್ ಬಲಗಡೆಗೆ ಉರುಳುತ್ತದೆ, ಬೆಣೆ ಎಡಗಡೆಗೆ ಸರಿಯುತ್ತದೆ. ಈಗ ಚಿತ್ರದ ಪಕ್ಕದಲ್ಲೇ ಎರಡು ಸಾಲು ಬರೆದುಬಿಡಿ.

`A` ಅಂದರೆ ನೆಲದಿಂದ ನೋಡಿದಾಗ ಬೆಣೆಯ ವೇಗೋತ್ಕರ್ಷ, ಎಡಗಡೆಗೆ. `a` ಅಂದರೆ ಬೆಣೆಯ ಮೇಲೆ ಕೂತು ನೋಡಿದಾಗ ಸಿಲಿಂಡರಿನ ಕೇಂದ್ರದ ವೇಗೋತ್ಕರ್ಷ, ಇಳಿಜಾರಿನ ಉದ್ದಕ್ಕೆ ಕೆಳಗಡೆಗೆ.

`a` ಯನ್ನು ಬೆಣೆಯಿಂದಲೇ ಯಾಕೆ ಅಳೆಯಬೇಕು? ಬೆಣೆಯ ಮೇಲಿಂದ ನೋಡಿದರೆ ಮಾತ್ರ ಸಿಲಿಂಡರಿನ ದಾರಿ ಇಳಿಜಾರಿಗೆ ಸರಿಯಾಗಿ ಸಮಾಂತರವಾಗಿರುತ್ತದೆ. ನೆಲದಿಂದ ನೋಡಿದರೆ ಹಾಗಿಲ್ಲ. ಸಿಲಿಂಡರ್ ಇಳಿಯುತ್ತಿರುವಾಗ ಅದರ ಕೆಳಗಿನ ಬೆಣೆ ಎಡಕ್ಕೆ ಸರಿಯುತ್ತಿದೆ, ಹಾಗಾಗಿ ಸಿಲಿಂಡರಿನ ನಿಜವಾದ ದಾರಿ `θ` ಗಿಂತ ಕಡಿದಾಗಿರುತ್ತದೆ. ನೆಲದಿಂದ ಅಳೆಯುವ ವೇಗೋತ್ಕರ್ಷದ ದಿಕ್ಕು ಮೊದಲಿಗೆ ಗೊತ್ತೇ ಇರುವುದಿಲ್ಲ. ಬೆಣೆಯಿಂದ ಅಳೆದರೆ ದಿಕ್ಕು ಗೊತ್ತು, ಪರಿಮಾಣ ಮಾತ್ರ ಹುಡುಕಬೇಕು.

ಆದರೆ ನ್ಯೂಟನ್ನನ ನಿಯಮ ಬೇಡುವುದು ನೆಲದಿಂದ ಅಳೆದ ವೇಗೋತ್ಕರ್ಷವನ್ನೇ. ಅದಕ್ಕೆ ಇಲ್ಲೇ ಪರಿವರ್ತನೆ ಮಾಡಿ ಇಟ್ಟುಕೊಳ್ಳಿ. ನೆಲದಿಂದ ನೋಡಿದಾಗ ಸಿಲಿಂಡರಿನ ಕೇಂದ್ರಕ್ಕೆ:

```
ಬಲಗಡೆಗೆ                     :  a cosθ − A
ಕೆಳಗಡೆಗೆ                     :  a sinθ
ಇಳಿಜಾರಿನ ಉದ್ದಕ್ಕೆ, ಕೆಳಗೆ       :  a − A cosθ
ಇಳಿಜಾರಿಗೆ ಲಂಬವಾಗಿ, ಒಳಮುಖ  :  A sinθ
```

ಕೊನೆಯ ಸಾಲು ನೋಡಿ ಹಲವರು ಹುಬ್ಬು ಏರಿಸುತ್ತಾರೆ. ಸಿಲಿಂಡರ್ ಇಳಿಜಾರನ್ನು ಬಿಟ್ಟು ಏಳುವುದಿಲ್ಲ, ಒಳಗೂ ಹೋಗುವುದಿಲ್ಲ, ಹಾಗಿದ್ದ ಮೇಲೆ ಲಂಬ ದಿಕ್ಕಿನಲ್ಲಿ ವೇಗೋತ್ಕರ್ಷ ಎಲ್ಲಿಂದ ಬಂತು ಅಂತ. ಇಳಿಜಾರೇ ಎಡಕ್ಕೆ ಓಡುತ್ತಿದೆ ಅಲ್ವಾ? ಅದಕ್ಕೆ ಅಂಟಿಕೊಂಡೇ ಇರಬೇಕಾದರೆ ಸಿಲಿಂಡರ್ ಕೂಡ ಆ ದಿಕ್ಕಿಗೆ ಅಷ್ಟು ವೇಗೋತ್ಕರ್ಷ ಪಡೆಯಲೇಬೇಕು.

## ಹಂತ 3: ಎರಡು ಬೇರೆ ಬೇರೆ ಚಿತ್ರ

ಬೆಣೆ ಮತ್ತು ಸಿಲಿಂಡರನ್ನು ಒಂದೇ ಚಿತ್ರದಲ್ಲಿಟ್ಟು ಅದರ ಮೇಲೆಯೇ ಬಾಣ ಹಾಕಬೇಡಿ. ಎರಡನ್ನೂ ಬಿಡಿಸಿ ಬರೆಯಿರಿ.

ಸಿಲಿಂಡರಿನ ಮೇಲೆ ಮೂರು ಬಲ. ತೂಕ `mg` ಕೆಳಕ್ಕೆ, ನಾರ್ಮಲ್ ಬಲ `N` ಇಳಿಜಾರಿಗೆ ಲಂಬವಾಗಿ ಹೊರಗೆ, ಘರ್ಷಣೆ `f` ಇಳಿಜಾರಿನ ಉದ್ದಕ್ಕೆ ಮೇಲಕ್ಕೆ. ಘರ್ಷಣೆ ಮೇಲಕ್ಕೇ ಇರಬೇಕು ಅಂತ ಹೇಗೆ ಗೊತ್ತು? ಸಿಲಿಂಡರಿಗೆ ತಿರುವು ಕೊಡುವ ಬಲ ಅದೊಂದೇ. ತೂಕ ಕೇಂದ್ರದಲ್ಲಿ ಬೀಳುತ್ತದೆ, `N` ಕೇಂದ್ರದ ಮೂಲಕ ಹಾದುಹೋಗುತ್ತದೆ, ಇವೆರಡರಿಂದ ಕೇಂದ್ರದ ಸುತ್ತ ಟಾರ್ಕ್ ಸೊನ್ನೆ. ಬಲಗಡೆಗೆ ಉರುಳಬೇಕಾದರೆ ಸಿಲಿಂಡರ್ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗಬೇಕು, ಅದರ ತಳದಲ್ಲಿ ಬೀಳುವ ಬಲ ಆ ತಿರುವು ಕೊಡಬೇಕಾದರೆ ಅದು ಇಳಿಜಾರಿನ ಮೇಲ್ಮುಖವಾಗಿಯೇ ಇರಬೇಕು.

ಬೆಣೆಯ ಮೇಲೆ ನಾಲ್ಕು ಬಲ. ತನ್ನದೇ ತೂಕ, ನೆಲ ಮೇಲಕ್ಕೆ ಒತ್ತುವ ಬಲ, ಸಿಲಿಂಡರ್ ಒತ್ತುವ `N` (ಈಗ ಬಾಣ ತಿರುಗುಮುರುಗು, ಬೆಣೆಯ ಒಳಮುಖ), ಮತ್ತು ಘರ್ಷಣೆ `f` (ಇದೂ ತಿರುಗುಮುರುಗು, ಇಳಿಜಾರಿನ ಕೆಳಮುಖ).

ಈ ನಾಲ್ಕನೆಯದನ್ನೇ ಜನ ಮರೆಯುವುದು. ಸಿಲಿಂಡರಿನ ಚಿತ್ರದಲ್ಲಿ `f` ನೀಟಾಗಿ ಹಾಕಿರುತ್ತಾರೆ, ಬೆಣೆಯ ಚಿತ್ರಕ್ಕೆ ಬರುವಷ್ಟರಲ್ಲಿ ಅದು ಮಾಯ. ಎಡಕ್ಕೆ ತಳ್ಳುವುದು `N sinθ`, ಅದನ್ನು ಬಲಗಡೆಗೆ ಎಳೆದು ಕಮ್ಮಿ ಮಾಡುವುದು `f cosθ`. ಘರ್ಷಣೆ ಬೆಣೆಗೆ ಬ್ರೇಕ್ ಹಾಕುತ್ತಿದೆ ಅಂತಲೇ ಅಂದುಕೊಳ್ಳಿ.

## ಹಂತ 4: ಉರುಳುವ ಷರತ್ತು

ಜಾರದೆ ಉರುಳುವುದು ಅಂದರೆ ಸಿಲಿಂಡರಿನ ತಳದ ಬಿಂದು ಮತ್ತು ಅದು ಮುಟ್ಟಿರುವ ಇಳಿಜಾರಿನ ಬಿಂದು ಒಂದರ ಮೇಲೊಂದು ಉಜ್ಜುವುದಿಲ್ಲ. ಇಲ್ಲಿ ಇಳಿಜಾರು ತಾನೇ ಚಲಿಸುತ್ತಿದೆ, ಹಾಗಾಗಿ ತಳದ ಬಿಂದು ನೆಲಕ್ಕೆ ಹೋಲಿಸಿದರೆ ನಿಂತಿಲ್ಲ, ಬೆಣೆಗೆ ಹೋಲಿಸಿದರೆ ನಿಂತಿದೆ. ಅದಕ್ಕೇ ಷರತ್ತಿನಲ್ಲಿ ಬರುವುದು ಬೆಣೆಯಿಂದ ಅಳೆದ `a`:

```
α R = a
```

ಇಲ್ಲಿ `α` ಸಿಲಿಂಡರಿನ ಕೋನೀಯ ವೇಗೋತ್ಕರ್ಷ. ಬೆಣೆ ತಿರುಗುತ್ತಿಲ್ಲ, ಬರೀ ಸರಿಯುತ್ತಿದೆ, ಅದಕ್ಕೆ `α` ನೆಲದಿಂದ ನೋಡಿದರೂ ಬೆಣೆಯಿಂದ ನೋಡಿದರೂ ಒಂದೇ.

ನೆಲದಿಂದ ಅಳೆದ `a − A cosθ` ವನ್ನು ಇಲ್ಲಿ ಹಾಕಿದರೆ ಲೆಕ್ಕ ಕೆಟ್ಟಿತು ಅಂತಲೇ ಅರ್ಥ. ಕೆಟ್ಟದ್ದು ಕಣ್ಣಿಗೂ ಕಾಣುವುದಿಲ್ಲ, ಯಾಕೆಂದರೆ ಉತ್ತರ ನೋಡಲು ಚೆನ್ನಾಗಿಯೇ ಬರುತ್ತದೆ. ಹಂತ 9ರಲ್ಲಿ ಅದನ್ನು ಹಿಡಿಯೋಣ.

ಈಗ ಕೇಂದ್ರದ ಸುತ್ತ ಟಾರ್ಕ್ ಸಮೀಕರಣ:

```
f R = ½ m R² α = ½ m R a
f = ½ m a            … (1)
```

`R` ಹೊರಟುಹೋಯಿತು. ಮುಂದೆ ಎಲ್ಲೂ ಬರುವುದಿಲ್ಲ, ನಿಮ್ಮ ಉತ್ತರದಲ್ಲಿ `R` ಉಳಿದಿದ್ದರೆ ವಾಪಸ್ ಇಲ್ಲಿಗೆ ಬನ್ನಿ.

ಎರಡು ಎಚ್ಚರಿಕೆ ಇಲ್ಲಿ ಬೇಕು. ಒಂದು, ಘರ್ಷಣೆಯ ಗುಣಾಂಕ `μ` ಇಟ್ಟುಕೊಂಡು `f = μN` ಅಂತ ಬರೆಯಬೇಡಿ. ಜಾರದೆ ಉರುಳುವಾಗ ಘರ್ಷಣೆ ಎಷ್ಟು ಬೇಕೋ ಅಷ್ಟಿರುತ್ತದೆ, `μN` ಅನ್ನುವುದು ಅದರ ಗರಿಷ್ಠ ಮಿತಿ ಮಾತ್ರ. ಇನ್ನೊಂದು, ಟಾರ್ಕ್ ಅನ್ನು ಸಿಲಿಂಡರಿನ ಕೇಂದ್ರದ ಸುತ್ತಲೇ ತೆಗೆದುಕೊಳ್ಳಿ. ನಿಂತ ಬೆಣೆಯಲ್ಲಿ ಮುಟ್ಟುವ ಬಿಂದುವಿನ ಸುತ್ತ ತೆಗೆದುಕೊಂಡು ಒಂದೇ ಸಾಲಿನಲ್ಲಿ ಮುಗಿಸುವ ಅಭ್ಯಾಸ ಹಲವರಿಗಿದೆ. ಇಲ್ಲಿ ಆ ಬಿಂದುವೂ ಬೆಣೆಯ ಜೊತೆ ವೇಗೋತ್ಕರ್ಷ ಪಡೆಯುತ್ತಿದೆ, ಅದಕ್ಕೆ ಹಳೇ ಸೂತ್ರ ಹಾಗೇ ನಡೆಯುವುದಿಲ್ಲ. ಹುಸಿ ಬಲದ, ಅಂದರೆ ವೇಗೋತ್ಕರ್ಷ ಪಡೆಯುತ್ತಿರುವ ಜಾಗದಿಂದ ನೋಡುವಾಗ ಲೆಕ್ಕಕ್ಕೆ ಸೇರಿಸಬೇಕಾದ ಬಲದ, ಟಾರ್ಕ್ ಸೇರಿಸಿದರೆ ನಡೆಯುತ್ತದೆ, ಆದರೆ ಕೇಂದ್ರ ಇರುವಾಗ ಆ ತಲೆನೋವು ಯಾಕೆ?

## ಹಂತ 5: ಅಡ್ಡ ದಿಕ್ಕಿನ ಸಮೀಕರಣ

ಬೆಣೆ ಮತ್ತು ಸಿಲಿಂಡರನ್ನು ಒಟ್ಟಿಗೆ ನೋಡಿದರೆ ಅಡ್ಡ ದಿಕ್ಕಿನಲ್ಲಿ ಹೊರಗಿನ ಬಲ ಯಾವುದೂ ಇಲ್ಲ. ನೆಲ ನುಣುಪು, ತೂಕ ಕೆಳಕ್ಕೆ. `N` ಮತ್ತು `f` ಎರಡೂ ಒಳಗಿನ ಜಗಳ. ಹಾಗಾಗಿ ಬಲಗಡೆಯ ಸಂವೇಗ ಎಷ್ಟು ಬೆಳೆಯುತ್ತದೋ ಎಡಗಡೆಯದ್ದೂ ಅಷ್ಟೇ ಬೆಳೆಯಬೇಕು:

```
m (a cosθ − A) = M A
(M + m) A = m a cosθ          … (2)
```

ಎಡಬದಿಯಲ್ಲಿ `m a cosθ` ಅಂತಷ್ಟೇ ಬರೆದು `− A` ಬಿಟ್ಟರೆ ಮತ್ತೆ ಅದೇ ಮೂಲ ತಪ್ಪು. ಸಂವೇಗ ನೆಲದಿಂದ ಅಳೆಯಬೇಕಾದದ್ದು.

ಬೇಕಿದ್ದರೆ ಬೆಣೆಗೆ ಬೇರೆಯಾಗಿ `N sinθ − f cosθ = M A` ಅಂತಲೂ ಬರೆಯಬಹುದು. ನಾನು ಅದನ್ನು ಈಗ ಬಳಸುವುದಿಲ್ಲ, ಕೊನೆಗೆ ತಾಳೆ ನೋಡಲು ಇಟ್ಟುಕೊಳ್ಳುತ್ತೇನೆ. `N` ಬರದೆ ಉತ್ತರ ಸಿಗುವುದಾದರೆ ಅದನ್ನು ಒಳಗೆ ಎಳೆದುಕೊಂಡು ಲೆಕ್ಕ ಉದ್ದ ಮಾಡುವುದು ಬೇಡ.

## ಹಂತ 6: ಇಳಿಜಾರಿನ ಉದ್ದಕ್ಕೆ

ಸಿಲಿಂಡರಿಗೆ ಇಳಿಜಾರಿನ ಉದ್ದಕ್ಕೆ ನ್ಯೂಟನ್ನನ ನಿಯಮ. ಹಂತ 2ರ ಮೂರನೇ ಸಾಲನ್ನು ಎತ್ತಿಕೊಳ್ಳಿ:

```
m (a − A cosθ) = m g sinθ − f          … (3)
```

ಬೆಣೆಯ ಫ್ರೇಮಿನಲ್ಲೇ ಕೂತು ಲೆಕ್ಕ ಮಾಡುವವರು ಎಡಬದಿಯಲ್ಲಿ ಬರೀ `m a` ಬರೆದು, ಬಲಬದಿಗೆ ಹುಸಿ ಬಲದ ಭಾಗ `m A cosθ` ಸೇರಿಸುತ್ತಾರೆ. ಅದೂ ಇದೇ ಸಮೀಕರಣ, ಒಂದು ಪದ ಆ ಕಡೆಯಿಂದ ಈ ಕಡೆಗೆ ಬಂದಿದೆ ಅಷ್ಟೇ. ಎಡಬದಿಯಲ್ಲೂ `A cosθ` ಕಳೆದು ಬಲಬದಿಯಲ್ಲೂ ಹುಸಿ ಬಲ ಹಾಕಿದರೆ ಒಂದೇ ಸಂಗತಿಯನ್ನು ಎರಡು ಸಲ ಎಣಿಸಿದ ಹಾಗೆ. ಯಾವ ಫ್ರೇಮ್ ಅಂತ ಸಮೀಕರಣದ ಪಕ್ಕದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

## ಹಂತ 7: ಬಿಡಿಸುವುದು

ಮೂರು ಅಜ್ಞಾತ, ಮೂರು ಸಮೀಕರಣ. (1)ನ್ನು (3)ಕ್ಕೆ ಹಾಕಿ, `m` ಹೊಡೆದುಹಾಕಿ:

```
(3/2) a = g sinθ + A cosθ
```

(2)ರಿಂದ `A = m a cosθ/(M + m)`. ಅದನ್ನು ಇಲ್ಲಿಗೆ ತಂದು `a` ಪದಗಳನ್ನು ಒಂದು ಕಡೆ ಸೇರಿಸಿದರೆ:

```
a = 2 (M + m) g sinθ / [3(M + m) − 2m cos²θ]

A = 2 m g sinθ cosθ / [3(M + m) − 2m cos²θ]
```

ಸಂಖ್ಯೆ ಹಾಕುವ ಮೊದಲು ಸೂತ್ರವನ್ನು ಒಂದು ನಿಮಿಷ ಗುದ್ದಿ ನೋಡಿ. ಬೆಣೆ ಬಹಳ ಭಾರ ಅಂದುಕೊಂಡರೆ `A` ಸೊನ್ನೆಗೆ ಹೋಗುತ್ತದೆ, `a` ನಮಗೆ ಮೊದಲೇ ಗೊತ್ತಿರುವ `(2/3) g sinθ` ಆಗುತ್ತದೆ. ಸರಿ. ಬೆಣೆಗೆ ತೂಕವೇ ಇಲ್ಲ ಅಂದುಕೊಂಡರೆ `A = a cosθ`, ಅಂದರೆ ಸಿಲಿಂಡರ್ ನೇರ ಕೆಳಗೆ ಬೀಳುತ್ತದೆ, ಬೆಣೆ ಅದರ ಅಡಿಯಿಂದ ಜಾರಿಹೋಗುತ್ತದೆ. ಅದೂ ಸರಿ, ಯಾಕೆಂದರೆ ತೂಕವಿಲ್ಲದ ಬೆಣೆ ಯಾರನ್ನೂ ಅಡ್ಡಕ್ಕೆ ತಳ್ಳಲಾರದು.

ಛೇದದಲ್ಲಿ ಮೈನಸ್ ಬದಲು ಪ್ಲಸ್ ಬಂದಿದ್ದರೆ, ಚಲಿಸುವ ಬೆಣೆಯ ಮೇಲೆ `a` ಕಮ್ಮಿ ಆಗುತ್ತದೆ ಅಂತ ಸೂತ್ರ ಹೇಳುತ್ತದೆ. ಅದು ತಪ್ಪಿನ ಗುರುತು. ಬೆಣೆ ಹಿಂದಕ್ಕೆ ಸರಿದರೆ ಅದರ ಮೇಲಿಂದ ನೋಡುವವರಿಗೆ ಸಿಲಿಂಡರ್ ಇನ್ನೂ ಜೋರಾಗಿ ಇಳಿಯುವ ಹಾಗೆ ಕಾಣಬೇಕು.

## ಹಂತ 8: ಸಂಖ್ಯೆ ಹಾಕಿ, `a`, `A`, `f`, `N` ನಾಲ್ಕೂ ತೆಗೆಯಿರಿ

`m = 2 kg`, `M = 4 kg`, `θ = 30°`, `g = 9.8 m/s²` ತೆಗೆದುಕೊಳ್ಳೋಣ. ಛೇದ `3 × 6 − 2 × 2 × 0.75 = 15`.

```
a = 2 × 6 × 9.8 × 0.5 / 15            = 3.92 m/s²
A = 2 × 2 × 9.8 × 0.5 × 0.866 / 15    = 1.13 m/s²
```

ಬೆಣೆ ನಿಂತಿದ್ದರೆ `a` ಬರೀ 3.27 ಆಗುತ್ತಿತ್ತು. ನೆಲದಿಂದ ನೋಡಿದಾಗ ಸಿಲಿಂಡರಿಗೆ ಬಲಗಡೆಗೆ 2.26, ಕೆಳಗಡೆಗೆ 1.96, ಒಟ್ಟು ಸುಮಾರು 2.99 m/s². ಅದರ ದಿಕ್ಕು ಅಡ್ಡಕ್ಕೆ 40.9° ಇಳಿಜಾರು, 30° ಅಲ್ಲ. ಪ್ರಶ್ನೆಯಲ್ಲಿ "ಸಿಲಿಂಡರಿನ ವೇಗೋತ್ಕರ್ಷ" ಅಂತಷ್ಟೇ ಕೇಳಿದ್ದರೆ ನೆಲದಿಂದ ಅಳೆದ 2.99 ಕೇಳಿದ್ದಾರೋ, ಬೆಣೆಯಿಂದ ಅಳೆದ 3.92 ಕೇಳಿದ್ದಾರೋ ಅಂತ ಮತ್ತೆ ಓದಿ. ಲೆಕ್ಕ ಪೂರ್ತಿ ಸರಿ ಮಾಡಿ ಉತ್ತರ ಬರೆಯುವ ಜಾಗದಲ್ಲಿ ಸೋಲುವುದು ಇಲ್ಲೇ.

ಈಗ ಘರ್ಷಣೆ `f = ½ m a = 3.92 N`. ನಾರ್ಮಲ್ ಬಲ ಲಂಬ ದಿಕ್ಕಿನಿಂದ ಬರುತ್ತದೆ:

```
m g cosθ − N = m A sinθ
N = 2 × (8.487 − 0.566) = 15.84 N
```

`N = mg cosθ` ಅಂತ ಕಣ್ಣುಮುಚ್ಚಿ ಬರೆದಿದ್ದರೆ 16.97 ಬರುತ್ತಿತ್ತು. ಬೆಣೆ ಕೆಳಗಿನಿಂದ ಸರಿದುಹೋಗುತ್ತಿರುವುದರಿಂದ ಒತ್ತಡ ಸ್ವಲ್ಪ ಕಮ್ಮಿ ಆಗಿದೆ.

ಪಕ್ಕಕ್ಕೆ ಇಟ್ಟಿದ್ದ ಬೆಣೆಯ ಸಮೀಕರಣದಿಂದ ತಾಳೆ ನೋಡಿ. `N sinθ − f cosθ = 7.92 − 3.39 = 4.53`. `M A = 4 × 1.13`, ಅದೂ 4.53. ಈ ತಾಳೆ ಎರಡು ಸಾಲಿನ ಕೆಲಸ, ಬಿಡಬೇಡಿ.

## ಹಂತ 9: ಶಕ್ತಿಯಿಂದ ಪರೀಕ್ಷೆ

ಬಲಗಳ ತಾಳೆ ಉರುಳುವ ಷರತ್ತಿನ ತಪ್ಪನ್ನು ಹಿಡಿಯುವುದಿಲ್ಲ. ಅದಕ್ಕೆ ಶಕ್ತಿಯೇ ಬೇಕು. ಸಿಲಿಂಡರ್ ಇಳಿಜಾರಿನ ಉದ್ದಕ್ಕೆ 1 ಮೀಟರ್ ಇಳಿಯಿತು ಅಂದುಕೊಳ್ಳಿ. ಎತ್ತರ 0.5 ಮೀಟರ್ ಕಮ್ಮಿ ಆಯಿತು, ಸಿಕ್ಕ ಶಕ್ತಿ `2 × 9.8 × 0.5 = 9.8 J`. ಬೆಣೆ ನೆಲದ ಮೇಲೆ ಅಡ್ಡಕ್ಕೇ ಸರಿಯುವುದರಿಂದ ಅದರ ಎತ್ತರದ ಶಕ್ತಿ ಬದಲಾಗುವುದಿಲ್ಲ.

ಬೆಣೆಯಿಂದ ನೋಡಿದ ವೇಗ `√(2 × 3.92 × 1) = 2.8 m/s`, ಹಿಡಿದ ಸಮಯ 0.714 ಸೆಕೆಂಡ್. ಆಗ ಬೆಣೆಯ ವೇಗ 0.808 m/s. ಸಿಲಿಂಡರಿನ ವೇಗ ನೆಲದಿಂದ ನೋಡಿದರೆ ಬಲಗಡೆಗೆ 1.617, ಕೆಳಗಡೆಗೆ 1.4 m/s.

```
ಬೆಣೆ               :  ½ × 4 × 0.808²             = 1.31 J
ಸಿಲಿಂಡರ್, ಸಾಗುವುದು  :  ½ × 2 × (1.617² + 1.4²)   = 4.57 J
ಸಿಲಿಂಡರ್, ತಿರುಗುವುದು :  ¼ × 2 × 2.8²               = 3.92 J
ಒಟ್ಟು              :                               9.80 J
```

ಸರಿಹೋಯಿತು. ಗಮನಿಸಿ, ಸಾಗುವ ಶಕ್ತಿಗೆ ನೆಲದ ವೇಗ, ತಿರುಗುವ ಶಕ್ತಿಗೆ ಬೆಣೆಯಿಂದ ಅಳೆದ ವೇಗ (ಕೋನೀಯ ವೇಗ `ω` ಆದರೆ `ωR` ಅದೇ ತಾನೇ). ಇಲ್ಲೂ ಎರಡನ್ನು ಬೆರೆಸಿದರೆ ಸರಿಯಾದ ಉತ್ತರವೂ ತಪ್ಪಾಗಿ ಕಾಣುತ್ತದೆ.

ಈಗ ಹಂತ 4ರಲ್ಲಿ ಹೇಳಿದ ತಪ್ಪನ್ನು ಬೇಕಂತಲೇ ಮಾಡಿ ನೋಡೋಣ. `αR = a − A cosθ` ಅಂತ ಹಾಕಿ ಬಿಡಿಸಿದರೆ `a = 4.36`, `A = 1.26` ಬರುತ್ತದೆ. ಸಂವೇಗ ತಾಳೆಯಾಗುತ್ತದೆ, ಬಲಗಳು ತಾಳೆಯಾಗುತ್ತವೆ, ಬೆಣೆ ಬಹಳ ಭಾರ ಅಂದುಕೊಂಡರೂ ಸರಿಯಾದ ಮಿತಿಯೇ ಬರುತ್ತದೆ. ಆದರೆ ಅದೇ ಲೆಕ್ಕದ `α` ಇಟ್ಟುಕೊಂಡು 1 ಮೀಟರಿಗೆ ಶಕ್ತಿ ಕೂಡಿಸಿದರೆ 8.98 J ಮಾತ್ರ ಸಿಗುತ್ತದೆ. 0.82 J ಎಲ್ಲಿ ಹೋಯಿತು? ಆ ಲೆಕ್ಕದಲ್ಲಿ ಸಿಲಿಂಡರ್ 1 ಮೀಟರ್ ಇಳಿದಾಗ ತಿರುಗಿದ್ದು 0.75 ಮೀಟರಿನಷ್ಟು ಮಾತ್ರ, ಉಳಿದ 0.25 ಮೀಟರ್ ಜಾರಿದೆ. ಘರ್ಷಣೆ 3.27 N, ಅದನ್ನು 0.25ರಿಂದ ಗುಣಿಸಿದರೆ 0.82 J, ಬಿಸಿಯಾಗಿ ಹೋಗಿದೆ. ಅಂದರೆ ಜಾರದೆ ಉರುಳುವ ಸಿಲಿಂಡರಿನ ಲೆಕ್ಕ ಅಂತ ಹೇಳಿಕೊಂಡು ಜಾರುವ ಸಿಲಿಂಡರಿನ ಲೆಕ್ಕ ಮಾಡಿದ್ದಾಯಿತು.

## ಉತ್ತರ ನೋಡಿ ತಪ್ಪು ಹಿಡಿಯುವುದು

ಮೇಲಿನ ಸಂಖ್ಯೆಗಳನ್ನೇ ನಿಮ್ಮ ವಿಧಾನಕ್ಕೆ ಹಾಕಿ ನೋಡಿ. ಬರುವ ಉತ್ತರವೇ ಎಲ್ಲಿ ಎಡವಿದಿರಿ ಅಂತ ಹೇಳುತ್ತದೆ. 4.36 ಮತ್ತು 1.26ರ ಕತೆ ಈಗ ತಾನೇ ನೋಡಿದೆವು.

`A` 1.89 ಬಂದಿದ್ದರೆ ಬೆಣೆಯ ಚಿತ್ರದಲ್ಲಿ `f` ಮರೆತಿದ್ದೀರಿ. ಅದು ಘರ್ಷಣೆಯಿಲ್ಲದೆ ಜಾರುವ ಇಟ್ಟಿಗೆಯಂಥ ವಸ್ತುವಿಗೆ ಬರುವ ಉತ್ತರ, `mg sinθ cosθ/(M + m sin²θ)`. ಸಿಲಿಂಡರ್ ಗಟ್ಟಿಯಾಗಿರಲಿ ಟೊಳ್ಳಾಗಿರಲಿ ನಿಮ್ಮ `A` ಬದಲಾಗದಿದ್ದರೂ ಕಾರಣ ಇದೇ.

`a` 3.27, `A` 0.94 ಬಂದಿದ್ದರೆ ಹಂತ 6ರಲ್ಲಿ `A cosθ` ಬಿಟ್ಟಿದ್ದೀರಿ. ಬೆಣೆ ಚಲಿಸುವುದನ್ನು ಸಂವೇಗದಲ್ಲಿ ಲೆಕ್ಕಕ್ಕೆ ತಂದು, ಸಿಲಿಂಡರಿನ ಸಮೀಕರಣದಲ್ಲಿ ಅದು ನಿಂತಿದೆ ಅಂದುಕೊಂಡಿದ್ದೀರಿ.

## ಹಂತ 10: ನಿಜಕ್ಕೂ ಉರುಳುತ್ತದೆಯೇ?

ಇದನ್ನು ಜಾಸ್ತಿ ಜನ ಮಾಡುವುದೇ ಇಲ್ಲ, ಆದರೆ ಪ್ರಶ್ನೆಯಲ್ಲಿ `μ` ಕೊಟ್ಟಿದ್ದರೆ ಇದಿಲ್ಲದೆ ಉತ್ತರ ಪೂರ್ತಿ ಅಲ್ಲ. ಇಲ್ಲಿಯವರೆಗೆ ಜಾರುವುದಿಲ್ಲ ಅಂತ ನಾವೇ ಒಪ್ಪಿಕೊಂಡು ಬಂದಿದ್ದೇವೆ. ಬೇಕಾದ ಘರ್ಷಣೆಯನ್ನು ಇಳಿಜಾರು ಕೊಡಬಲ್ಲದೇ ಅಂತ ಈಗ ನೋಡಬೇಕು. `f` ಮತ್ತು `N` ಎರಡರ ಅನುಪಾತ ತೆಗೆದು ಸರಳ ಮಾಡಿದರೆ ಒಂದು ಚೊಕ್ಕ ಷರತ್ತು ಸಿಗುತ್ತದೆ:

```
μ ≥ (M + m) tanθ / (3M + m)
```

ನಮ್ಮ ಸಂಖ್ಯೆಗೆ ಇದು `6 × 0.577 / 14 = 0.247`. ನಿಂತ ಬೆಣೆಗೆ ಬೇಕಾದದ್ದು `tanθ/3`, ಅಂದರೆ 0.192. ಬೆಣೆ ಬಿಟ್ಟಾಗ ಜಾಸ್ತಿ ಘರ್ಷಣೆ ಬೇಕು, ಯಾಕೆಂದರೆ `a` ಹೆಚ್ಚಿದ್ದರಿಂದ `f` ಹೆಚ್ಚಾಗಿದೆ, ಅದೇ ಹೊತ್ತಿಗೆ `N` ಕಮ್ಮಿಯಾಗಿದೆ.

`θ` ವನ್ನು 90° ಮಾಡಿದರೆ ನಮ್ಮ ಸೂತ್ರ `a = 2g/3` ಅನ್ನುತ್ತದೆ. ನೆಟ್ಟಗಿನ ಗೋಡೆಯ ಮೇಲೆ ಸಿಲಿಂಡರ್ ಉರುಳುವುದುಂಟೇ? ಸೂತ್ರ ತಪ್ಪಲ್ಲ, ಆದರೆ ಅಲ್ಲಿ `N` ಸೊನ್ನೆ, ಬೇಕಾದ `μ` ಅನಂತ. ಷರತ್ತು ಮುರಿದ ಜಾಗದಲ್ಲಿ ಸೂತ್ರ ಬಳಸಿದರೆ ಹೀಗೇ ಆಗುವುದು.

ಈಗ `μ = 0.2` ಅಂತ ಕೊಟ್ಟಿದ್ದಾರೆ ಅಂದುಕೊಳ್ಳಿ, ನಿಂತಾಗಿನ ಮತ್ತು ಚಲಿಸುವಾಗಿನ ಗುಣಾಂಕ ಎರಡೂ ಅಷ್ಟೇ. ಬೆಣೆಯನ್ನು ಹಿಡಿದಿಟ್ಟರೆ ಸಿಲಿಂಡರ್ ಚೆನ್ನಾಗಿ ಉರುಳುತ್ತದೆ, ಬಿಟ್ಟರೆ ಜಾರುತ್ತದೆ. ಜಾರುವಾಗ (1) ಬಿದ್ದುಹೋಗುತ್ತದೆ, ಅದರ ಜಾಗಕ್ಕೆ `f = μN` ಬರುತ್ತದೆ (ಈಗ ಮಾತ್ರ ಬರೆಯಬಹುದು). `N` ಈಗ ಬೇಕೇ ಬೇಕು, ಹಾಗಾಗಿ ಬೆಣೆಯ ಸಮೀಕರಣ ಮತ್ತು ಲಂಬ ದಿಕ್ಕಿನ ಸಮೀಕರಣದಿಂದ ಶುರುಮಾಡಿ:

```
N (sinθ − μ cosθ) = M A
N = m (g cosθ − A sinθ)
```

ಮೊದಲನೆಯದು `A = 0.0817 × N` ಕೊಡುತ್ತದೆ, ಎರಡನೆಯದಕ್ಕೆ ಹಾಕಿದರೆ `N = 15.69 N`, `A = 1.28 m/s²`. (2)ನೇ ಸಮೀಕರಣ ಜಾರಿದರೂ ನಿಲ್ಲುತ್ತದೆ, ಅದರಿಂದ `a = 4.44 m/s²`. ಟಾರ್ಕಿನಿಂದ `αR = 2f/m = 2 × 0.2 × 15.69 / 2 = 3.14 m/s²`.

`αR` ಇಲ್ಲಿ `a` ಗಿಂತ ಕಮ್ಮಿ ಬಂದಿದೆ, ಅಂದರೆ ತಿರುವು ಓಟದ ಹಿಂದೆ ಬಿದ್ದಿದೆ, ಜಾರುತ್ತಿದೆ ಅಂದದ್ದು ನಿಜವೇ. ಜಾರುತ್ತದೆ ಅಂತ ಇಟ್ಟುಕೊಂಡು ಬಿಡಿಸಿದಾಗ `αR` ಏನಾದರೂ `a` ಗಿಂತ ಜಾಸ್ತಿ ಬಂದರೆ ಊಹೆ ತಪ್ಪು, ಹಂತ 7ಕ್ಕೆ ವಾಪಸ್ ಹೋಗಿ.

## ಸಿಲಿಂಡರ್ ಟೊಳ್ಳಾಗಿದ್ದರೆ

ಬದಲಾಗುವುದು (1) ಒಂದೇ. ತೆಳು ಗೋಡೆಯ ಟೊಳ್ಳು ಸಿಲಿಂಡರಿಗೆ ಮೊಮೆಂಟ್ ಆಫ್ ಇನರ್ಷಿಯಾ `m R²`, ಹಾಗಾಗಿ `f = m a`. ಯಾವ ಉರುಳುವ ವಸ್ತುವಿಗೂ ನಡೆಯುವ ಹಾಗೆ `I = k m R²` ಅಂತ ಬರೆದರೆ:

```
a = (M + m) g sinθ / [(1 + k)(M + m) − m cos²θ]
A = m a cosθ / (M + m)
```

`k = ½` ಹಾಕಿ, ಮೇಲಿನ ಸೂತ್ರ ವಾಪಸ್ ಬರಬೇಕು. `k = 0` ಹಾಕಿದರೆ ಘರ್ಷಣೆಯಿಲ್ಲದ ವಸ್ತುವಿನದ್ದು. `k = 1` ಹಾಕಿದರೆ ನಮ್ಮ ಸಂಖ್ಯೆಗಳಿಗೆ `a = 2.8`, `A = 0.81 m/s²`. ಟೊಳ್ಳು ಸಿಲಿಂಡರ್ ನಿಧಾನ ಇಳಿಯುತ್ತದೆ, ಬೆಣೆಯನ್ನೂ ಕಮ್ಮಿ ತಳ್ಳುತ್ತದೆ.